ಎಲ್ಲರ ಜೇಬಿನ ದಿನಗಳು ಒಂದೇ ಡಬ್ಬಿಗೆ

‘ಈ ಕೆಲಸ ಎಷ್ಟು ದಿನಕ್ಕೆ ಮುಗಿಸ್ತೀರಿ?’ ಅಂತ ಆಫೀಸಿನಲ್ಲಿ ಯಾರಾದ್ರೂ ಕೇಳಿದಾಗ ನಿಮ್ಮ ತಲೆಯೊಳಗೆ ಏನು ನಡೆಯುತ್ತೆ ಅಂತ ಒಮ್ಮೆ ಗಮನಿಸಿ. ಕೆಲಸ ಆರು ದಿನದ್ದು ಅಂತ ನಿಮಗೆ ಗೊತ್ತಿರುತ್ತೆ. ಆದರೆ ನಡುವೆ ಎರಡು ದಿನ ಮೀಟಿಂಗ್ ಬರಬಹುದು, ಬೇಕಾದ ಮಾಹಿತಿ ತಡವಾಗಬಹುದು, ಮಗುವಿಗೆ ಜ್ವರ ಬರಬಹುದು. ತಡವಾದರೆ ಬೈಸಿಕೊಳ್ಳೋದು ನೀವೇ. ಆರು ಅಂತ ಅಂದುಕೊಂಡದ್ದು ಬಾಯಿಗೆ ಬರೋ ಹೊತ್ತಿಗೆ ಹನ್ನೆರಡಾಗಿರುತ್ತೆ. ಇದು ಸುಳ್ಳಲ್ಲ. ತಪ್ಪೂ ಅಲ್ಲ. ಹೇಳಿದ ದಿನಕ್ಕೆ ಕೊಡಲಿಲ್ಲ ಅಂತ ಲೆಕ್ಕ ಇಡೋ ಜಾಗದಲ್ಲಿ ಬುದ್ಧಿ ಇರೋರೆಲ್ಲ ಮಾಡೋದು ಇದನ್ನೇ.

ವಿಚಿತ್ರ ಏನಂದ್ರೆ, ಎಲ್ಲರೂ ಹೀಗೆ ದುಪ್ಪಟ್ಟು ದಿನ ಕೈಯಲ್ಲಿಟ್ಟುಕೊಂಡು ಹೇಳಿದ ಮೇಲೂ ಒಟ್ಟು ಕೆಲಸ ತಡವಾಗುತ್ತೆ. ಅಷ್ಟೆಲ್ಲ ದಿನ ಹೋಗಿದ್ದೆಲ್ಲಿಗೆ?

ನಾನು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಲಾನಿಂಗ್ ನೋಡಿಕೊಳ್ಳೋನು. ಗಿರಾಕಿ ಕೇಳಿದ ಹಾಗೆ ಒಂದೊಂದೇ ಯಂತ್ರ ಮಾಡಿಕೊಡೋ ಜಾಗ ನಮ್ಮದು. ಒಂದರಂತೆ ಇನ್ನೊಂದು ಇರೋದಿಲ್ಲ, ಹಾಗಾಗಿ ‘ಹೋದ ಸಲ ಇಷ್ಟು ದಿನ ಆಗಿತ್ತು’ ಅನ್ನೋ ಲೆಕ್ಕ ಪೂರ್ತಿ ಕೆಲಸಕ್ಕೆ ಬರಲ್ಲ. ದಿನಗಳು ಎಲ್ಲಿ ಹೋಗ್ತವೆ ಅನ್ನೋ ಪ್ರಶ್ನೆ ನನಗೆ ಸಂಬಳ ಕೊಡೋ ಪ್ರಶ್ನೆ. ಅದಕ್ಕೆ ನನಗೆ ಸಿಕ್ಕಿರೋ ಒಳ್ಳೆ ಉತ್ತರದ ಹೆಸರು ಕ್ರಿಟಿಕಲ್ ಚೈನ್.

ಇದನ್ನು ಹೇಳಿದವರು ಎಲಿಯಾಹು ಗೋಲ್ಡ್‌ರಾಟ್. ಇಸ್ರೇಲಿನವರು, ಓದಿದ್ದು ಭೌತಶಾಸ್ತ್ರ, ಹೆಸರು ಮಾಡಿದ್ದು ಕಾರ್ಖಾನೆಗಳ ವಿಷಯದಲ್ಲಿ. 1984ರಲ್ಲಿ ಬಂದ ಅವರ ‘ದಿ ಗೋಲ್’ ಕಾದಂಬರಿಯ ರೂಪದಲ್ಲಿರೋ ಮ್ಯಾನೇಜ್‌ಮೆಂಟ್ ಪುಸ್ತಕ. ಎಂಬಿಎ ಮಾಡಿದವರಲ್ಲಿ ಬಹಳ ಜನ ಓದಿರ್ತಾರೆ. 1997ರಲ್ಲಿ ‘ಕ್ರಿಟಿಕಲ್ ಚೈನ್’ ಅನ್ನೋ ಹೆಸರಲ್ಲೇ ಇನ್ನೊಂದು ಕಾದಂಬರಿ ಬರೆದು, ಅದೇ ಯೋಚನೆಯನ್ನು ಪ್ರಾಜೆಕ್ಟುಗಳಿಗೆ ತಂದರು.

ಉಳಿದ ದಿನ ಯಾಕೆ ಉಳಿಯಲ್ಲ

ಹನ್ನೆರಡು ದಿನ ಅಂತ ಹೇಳಿದ ಕೆಲಸ ನಿಜಕ್ಕೂ ಆರೇ ದಿನದಲ್ಲಿ ಮುಗಿದರೆ ಆರು ದಿನ ಉಳಿಯಬೇಕಲ್ವಾ? ಉಳಿಯೋದಿಲ್ಲ. ಮೊದಲನೇ ಕಾರಣ, ಹನ್ನೆರಡು ದಿನ ಇದೆ ಅಂತ ಗೊತ್ತಿದ್ದರೆ ಯಾರೂ ಇವತ್ತೇ ಶುರು ಮಾಡಲ್ಲ. ಬೇರೆ ಏನೋ ಉರೀತಾ ಇರುತ್ತೆ, ಅದನ್ನ ಆರಿಸಿ ಬರೋಣ ಅಂತ ಹೋಗ್ತಾರೆ. ಏಳನೇ ದಿನಕ್ಕೆ ಕೂತು, ಹತ್ತನೇ ದಿನಕ್ಕೆ ಒಂದು ತೊಡಕು ಸಿಕ್ಕಿ, ಹದಿನಾಲ್ಕನೇ ದಿನಕ್ಕೆ ಮುಗಿಸ್ತಾರೆ. ಪರೀಕ್ಷೆ ಹಿಂದಿನ ರಾತ್ರಿ ಪುಸ್ತಕ ತೆಗೆಯೋ ನಮ್ಮ ಕಾಲೇಜು ದಿನಗಳಂತೆಯೇ. ಗೋಲ್ಡ್‌ರಾಟ್ ಇದಕ್ಕೆ ‘ಸ್ಟೂಡೆಂಟ್ ಸಿಂಡ್ರೋಮ್’ ಅಂತಲೇ ಹೆಸರಿಟ್ಟರು. ಕೈಯಲ್ಲಿಟ್ಟುಕೊಂಡ ದಿನಗಳು ತೊಡಕು ಬರೋ ಮೊದಲೇ ಖರ್ಚಾಗಿರ್ತವೆ.

ಎರಡನೇ ಕಾರಣ ಇನ್ನೂ ಸೂಕ್ಷ್ಮ. ಬೇಗ ಮುಗಿಸಿದವರೂ ಬೇಗ ಮುಗೀತು ಅಂತ ಹೇಳಲ್ಲ. ಆರು ದಿನಕ್ಕೇ ಕೊಟ್ಟರೆ ಮುಂದಿನ ಸಲ ‘ನೀವು ಆರು ದಿನಕ್ಕೆ ಮಾಡೋರಲ್ವಾ’ ಅಂತ ಕತ್ತರಿಸ್ತಾರೆ. ಅದರ ಬದಲು ಡ್ರಾಯಿಂಗನ್ನ ಇನ್ನೊಮ್ಮೆ ತಿದ್ದೋಣ, ಇನ್ನೊಂದು ಲೆಕ್ಕ ನೋಡೋಣ ಅಂತ ಕೆಲಸವೇ ದಿನ ತುಂಬಿಕೊಳ್ಳುತ್ತೆ. ಇದನ್ನು 1955ರಲ್ಲೇ ಪಾರ್ಕಿನ್‌ಸನ್ ಅನ್ನೋ ಬ್ರಿಟಿಷ್ ಲೇಖಕ ‘ದಿ ಎಕಾನಮಿಸ್ಟ್’ ಪತ್ರಿಕೆಯಲ್ಲಿ ತಮಾಷೆಯಾಗಿ ಬರೆದಿದ್ದರು, ಆಮೇಲೆ ಅದು ‘ಪಾರ್ಕಿನ್‌ಸನ್ ನಿಯಮ’ ಆಯ್ತು.

ಇನ್ನೂ ಒಂದಿದೆ. ನಾಲ್ಕು ಭಾಗ ಸೇರಿಸಿ ಜೋಡಿಸಬೇಕಾದ ಯಂತ್ರದಲ್ಲಿ ಮೂರು ಭಾಗ ಬೇಗ ಬಂದು ಒಂದು ತಡವಾದರೆ, ಜೋಡಣೆ ಆ ಒಂದಕ್ಕೇ ಕಾಯುತ್ತೆ. ಹಾಗಾಗಿ ಬೇಗ ಆದದ್ದು ಮುಂದಕ್ಕೆ ಹೋಗಲ್ಲ, ತಡವಾದದ್ದು ಮಾತ್ರ ಹೋಗುತ್ತೆ. ಲಾಭ ಅಲ್ಲಲ್ಲೇ ಇಂಗಿ ಹೋಗುತ್ತೆ, ನಷ್ಟ ಕೊನೆವರೆಗೂ ಹರಿದು ಬರುತ್ತೆ.

ಅಮ್ಮನ ಸಾಸಿವೆ ಡಬ್ಬಿ

ಗೋಲ್ಡ್‌ರಾಟ್ ಹೇಳಿದ ಮದ್ದು ಕೇಳೋಕೆ ಸುಲಭ. ಪ್ರತಿಯೊಬ್ಬರ ಜೇಬಿನಲ್ಲಿರೋ ಹೆಚ್ಚುವರಿ ದಿನಗಳನ್ನ ಹೊರಗೆ ತೆಗೆಯಿರಿ. ಎಲ್ಲವನ್ನೂ ಪ್ರಾಜೆಕ್ಟಿನ ಕೊನೆಯಲ್ಲಿ ಒಂದೇ ಕಡೆ ಇಡಿ. ಅದಕ್ಕೆ ಪ್ರಾಜೆಕ್ಟ್ ಬಫರ್ ಅಂತ ಹೆಸರು. ಅದು ಯಾರೊಬ್ಬರದ್ದೂ ಅಲ್ಲ, ಯಾರಿಗೆ ತೊಡಕು ಬಂದರೆ ಅವರು ತಗೊಳ್ಳೋದು.

ನಮ್ಮ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡ್ತಿದ್ದರಲ್ಲ, ಹಾಗೆ. ಮನೆಯಲ್ಲಿ ಐದು ಜನ ಇದ್ದು ಒಬ್ಬೊಬ್ಬರೂ ‘ನನಗೆ ಹುಷಾರಿಲ್ಲದಿದ್ದರೆ ಇರಲಿ’ ಅಂತ ಎರಡೆರಡು ಸಾವಿರ ತೆಗೆದಿಟ್ಟರೆ ಹತ್ತು ಸಾವಿರ ಬೇಕು. ಅದರಲ್ಲಿ ಮೂರು ಜನ ತಿಂಗಳ ಕೊನೆಗೆ ಹುಷಾರಾಗಿದ್ದುಕೊಂಡೇ ಅದನ್ನ ಹೋಟೆಲಿಗೆ ಖರ್ಚು ಮಾಡಿರ್ತಾರೆ. ಡಬ್ಬಿ ಒಂದೇ ಆದರೆ ಐದು ಸಾವಿರ ಸಾಕು, ಯಾಕಂದ್ರೆ ಒಂದೇ ತಿಂಗಳಲ್ಲಿ ಐವರೂ ಮಲಗೋದು ಅಪರೂಪ. ಬಫರ್ ಚಿಕ್ಕದಾದ್ರೂ ಸಾಲುತ್ತೆ ಅನ್ನೋದರ ಹಿಂದಿರೋ ಗಣಿತ ಇಷ್ಟೇ: ಒಬ್ಬರ ತೊಡಕಿಗೂ ಇನ್ನೊಬ್ಬರ ತೊಡಕಿಗೂ ಸಂಬಂಧ ಇಲ್ಲದಿದ್ದರೆ, ಕೆಲವು ಹೆಚ್ಚಾಗಿ ಕೆಲವು ಕಡಿಮೆಯಾಗಿ ಒಂದನ್ನೊಂದು ಸರಿದೂಗಿಸ್ತವೆ. ಈ ‘ಸಂಬಂಧ ಇಲ್ಲದಿದ್ದರೆ’ ಅನ್ನೋ ಮಾತು ನೆನಪಿರಲಿ, ಮುಂದೆ ಬೇಕು.

ಈಗ ನಮ್ಮಲ್ಲಿ ಮಾಡಿದ ಒಂದು ಯಂತ್ರದ ಲೆಕ್ಕವನ್ನೇ, ಸಣ್ಣಪುಟ್ಟ ಕೆಲಸ ಬಿಟ್ಟು ಸರಳ ಮಾಡಿ ಹೇಳ್ತೀನಿ. ಅದು ಲೀಕ್ ಟೆಸ್ಟಿಂಗ್ ಯಂತ್ರ. ಎಂಜಿನ್ನಿನ ಎರಕದ ಭಾಗವನ್ನು ಹಿಡಿದು, ಗಾಳಿ ತುಂಬಿ, ಎಲ್ಲಾದ್ರೂ ಸೋರುತ್ತಾ ನೋಡೋದು ಅದರ ಕೆಲಸ. ಭಾಗವನ್ನು ಹಿಡಿದುಕೊಳ್ಳೋ ಹಿಡಿಕೆಗೆ ಫಿಕ್ಸ್ಚರ್ ಅಂತೀವಿ. ಅದನ್ನು ಹೊತ್ತು ನಿಲ್ಲೋದು ಕಬ್ಬಿಣದ ಬಾಡಿ. ಪಕ್ಕದಲ್ಲಿ ಒಂದು ಎಲೆಕ್ಟ್ರಿಕಲ್ ಪ್ಯಾನೆಲ್.

ಗಿರಾಕಿ 60 ಕೆಲಸದ ದಿನ ಕೊಟ್ಟಿದ್ದರು. ಅಷ್ಟರಲ್ಲಿ ಅವರ ಹೊಸ ಲೈನ್ ಶುರುವಾಗಬೇಕಿತ್ತು, ತಡವಾದರೆ ವಾರಕ್ಕಿಷ್ಟು ಅಂತ ಬಿಲ್ಲಿನಲ್ಲಿ ಕಡಿತ. ಎಲ್ಲರನ್ನೂ ಕೇಳಿ ಹಾಕಿದ ಮೊದಲ ಚಾರ್ಟ್ ಹೀಗಿತ್ತು. ಫಿಕ್ಸ್ಚರ್ ಡಿಸೈನ್ 12 ದಿನ, ಅದರ ಮಷಿನಿಂಗ್ 24. ಇದರ ಜೊತೆಜೊತೆಗೇ ಬಾಡಿ ಡಿಸೈನ್ 16, ಬಾಡಿ ಫ್ಯಾಬ್ರಿಕೇಷನ್ 20. ಎರಡೂ ಕವಲು 36ನೇ ದಿನಕ್ಕೆ ಕೂಡ್ತವೆ. ಆಮೇಲೆ ಜೋಡಣೆ 16, ಟ್ರಯಲ್ 12. ಒಟ್ಟು 64 ದಿನ. ‘ನಾಲ್ಕೇ ದಿನ ಜಾಸ್ತಿ, ಎರಡು ಮೂರು ಭಾನುವಾರ ಬಂದರಾಯ್ತು’ ಅಂದರು ನಮ್ಮ ಸಾಹೇಬರು.

ಆದರೆ ಆ ಚಾರ್ಟಿನಲ್ಲಿ ಒಂದು ದೊಡ್ಡ ಸುಳ್ಳಿತ್ತು. ಫಿಕ್ಸ್ಚರ್ ಬರೆಯೋದೂ ಬಾಡಿ ಬರೆಯೋದೂ ಒಬ್ಬರೇ ಡಿಸೈನರ್. ಚಾರ್ಟಿನಲ್ಲಿ ಎರಡು ಗೆರೆ ಅಕ್ಕಪಕ್ಕ ಎಳೆದ ಮಾತ್ರಕ್ಕೆ ಅವರಿಗೆ ಎರಡು ತಲೆ ಬರೋದಿಲ್ಲ. ಒಂದಾದ ಮೇಲೆ ಒಂದು ಅಂತ ನಿಜವಾಗಿ ಹಾಕಿದರೆ 12, 16, 20, 16, 12 ಸೇರಿ 76 ದಿನ ಆಗುತ್ತೆ.

ಕ್ರಿಟಿಕಲ್ ಪಾಥ್ ಅನ್ನೋ ಹಳೇ ಪದ್ಧತಿಗೂ ಕ್ರಿಟಿಕಲ್ ಚೈನ್‌ಗೂ ಇರೋ ಮೊದಲ ವ್ಯತ್ಯಾಸ ಇಲ್ಲೇ ಇದೆ. ಕ್ರಿಟಿಕಲ್ ಪಾಥ್ ಕೆಲಸಗಳ ನಡುವಿನ ನಂಟನ್ನು ನೋಡುತ್ತೆ: ಡ್ರಾಯಿಂಗ್ ಇಲ್ಲದೆ ಮಷಿನಿಂಗ್ ಇಲ್ಲ, ಹೀಗೆ. ಚೈನ್ ಅದರ ಜೊತೆಗೆ ಜನರನ್ನೂ ನೋಡುತ್ತೆ. ಫಿಕ್ಸ್ಚರ್ ಡಿಸೈನ್‌ಗೂ ಬಾಡಿ ಡಿಸೈನ್‌ಗೂ ತಾಂತ್ರಿಕವಾಗಿ ಕಟ್ಟುಪಾಡೇನಿಲ್ಲ, ಯಾವುದು ಮೊದಲಾದ್ರೂ ನಡೆಯುತ್ತೆ. ಆದರೂ ಒಬ್ಬರೇ ಮನುಷ್ಯ ಆದ್ದರಿಂದ ಒಂದು ಇನ್ನೊಂದಕ್ಕೆ ಗಂಟು ಬಿದ್ದಿದೆ. ಹಾಗೆ ಗಂಟುಗಳನ್ನೆಲ್ಲ ಸೇರಿಸಿದಾಗ ಸಿಗೋ ಅತಿ ಉದ್ದದ ಸರಪಳಿಯೇ ಕ್ರಿಟಿಕಲ್ ಚೈನ್.

ಆಮೇಲೆ ದಿನಗಳನ್ನು ಮತ್ತೆ ಕೇಳಿದ್ವಿ, ಈ ಸಲ ಬೇರೆ ಥರ. ‘ಬರೆದು ಸಹಿ ಹಾಕಿ ಅಂದ್ರೆ ಎಷ್ಟು ದಿನ ಹೇಳ್ತೀರಿ?’ ಅನ್ನೋದು ಒಂದು ಪ್ರಶ್ನೆ. ‘ಬೇರೆ ಕೆಲಸ ಕೊಡದೆ, ಬೇಕಾದ್ದೆಲ್ಲ ಕೈಗೆ ಕೊಟ್ಟರೆ, ಹತ್ತು ಸಲ ಮಾಡಿದ್ರೆ ಐದು ಸಲ ಎಷ್ಟು ದಿನದೊಳಗೆ ಮುಗಿಯುತ್ತೆ?’ ಅನ್ನೋದು ಎರಡನೇದು. ಎರಡನೇ ಉತ್ತರ ಎಲ್ಲ ಚೆನ್ನಾಗಿ ನಡೆದರೆ ಆಗೋ ದಿನ ಅಲ್ಲ. ಅರ್ಧಕ್ಕರ್ಧ ಸಲ ತಪ್ಪೋ ದಿನ. ಈ ಮಾತನ್ನು ಎದುರಿಗಿರೋರಿಗೆ ಬಿಡಿಸಿ ಹೇಳದಿದ್ದರೆ ಈ ಇಡೀ ಪದ್ಧತಿ ಕೆಡುತ್ತೆ. ನಮ್ಮ ಹಿರಿಯ ಫಿಟ್ಟರ್ ಒಬ್ಬರು ನೇರವಾಗಿ ಕೇಳಿದರು, ‘ಎಂಟು ದಿನ ಅಂತೀನಿ, ಹತ್ತಾದ್ರೆ ಯಾರು ಕೇಳೋರು?’ ಅಂತ. ‘ಯಾರೂ ಕೇಳಲ್ಲ ಅಣ್ಣ, ಹತ್ತಾಗುತ್ತೆ ಅಂತ ಗೊತ್ತಾದ ದಿನ ಹೇಳಿ ಸಾಕು’ ಅಂದೆ. ಅವರು ನಂಬಿದ್ದು ಸಾಹೇಬರೂ ಅದನ್ನೇ ಹೇಳಿದ ಮೇಲೆ.

ನಮ್ಮಲ್ಲಿ ಬಂದ ಉತ್ತರಗಳು ಹೆಚ್ಚುಕಮ್ಮಿ ಅರ್ಧಕ್ಕೆ ನಿಂತವು. ಫಿಕ್ಸ್ಚರ್ ಡಿಸೈನ್ 6, ಬಾಡಿ ಡಿಸೈನ್ 8, ಬಾಡಿ ಫ್ಯಾಬ್ರಿಕೇಷನ್ 10, ಜೋಡಣೆ 8, ಟ್ರಯಲ್ 6. ಸರಪಳಿ 38 ದಿನ. ಜೇಬುಗಳಿಂದ ಹೊರಗೆ ಬಂದದ್ದೂ 38 ದಿನ. ಅದರಲ್ಲಿ ಡಬ್ಬಿಗೆ ಎಷ್ಟು ಹಾಕಬೇಕು?

ಸುಲಭದ ಲೆಕ್ಕ, ಸರಪಳಿಯ ಅರ್ಧ: 19 ದಿನ. ಇನ್ನೊಂದು ಲೆಕ್ಕ ಸ್ವಲ್ಪ ಗಣಿತದ್ದು. ಪ್ರತಿ ಕೆಲಸದಿಂದ ತೆಗೆದ ದಿನಗಳ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯೋದು. 36, 64, 100, 64, 36 ಕೂಡಿದರೆ 300, ಅದರ ವರ್ಗಮೂಲ ಸುಮಾರು 17. ಎರಡೂ ಹತ್ತಿರಹತ್ತಿರ ಬಂದವು. ನಾವು 19 ಇಟ್ಟುಕೊಂಡ್ವಿ. 38ಕ್ಕೆ 19 ಸೇರಿ 57 ದಿನ. ಗಿರಾಕಿ ಕೇಳಿದ 60ರ ಒಳಗೇ ಬಂತು. 76ರ ಲೆಕ್ಕದಲ್ಲಿ ಇದೇ ಆರ್ಡರನ್ನು ಆಗಲ್ಲ ಅಂತ ವಾಪಸ್ ಕಳಿಸಬೇಕಿತ್ತು.

ಸರಪಳಿಯ ಹೊರಗಿನ ಕವಲುಗಳಿಗೂ ಒಂದೊಂದು ಪುಟ್ಟ ಡಬ್ಬಿ ಬೇಕು. ಅದಕ್ಕೆ ಫೀಡಿಂಗ್ ಬಫರ್ ಅಂತಾರೆ. ಫಿಕ್ಸ್ಚರ್ ಮಷಿನಿಂಗ್ ಈಗ 12 ದಿನದ ಕೆಲಸ. ಡಿಸೈನ್ ಮುಗಿಯೋ 6ನೇ ದಿನಕ್ಕೆ ಶುರುವಾದರೆ 18ಕ್ಕೆ ಮುಗೀಬೇಕು. ಬಾಡಿ ಬರೋದು 24ಕ್ಕೆ. ನಡುವಿನ 6 ದಿನವೇ ಅದರ ಬಫರ್, ಅಂದ್ರೆ ಹನ್ನೆರಡರ ಅರ್ಧ. ಫಿಕ್ಸ್ಚರ್ ಮೂರು ನಾಲ್ಕು ದಿನ ತಡವಾದ್ರೂ ಜೋಡಣೆ ಕಾಯಬೇಕಿಲ್ಲ. ಡಿಸೈನರ್ ಮೊದಲು ಫಿಕ್ಸ್ಚರ್ ಕೈಗೆತ್ತಿಕೊಳ್ಳಲಿ ಅಂತ ಹೇಳಿದ್ದೂ ಲೆಕ್ಕ ಹಾಕಿಯೇ. ಬಾಡಿ ಮೊದಲು ಬರೆದಿದ್ದರೆ ಫಿಕ್ಸ್ಚರ್ ಕೈಗೆ ಬರೋದು 26ಕ್ಕೆ, ಅದೂ ಬಫರ್ ಇಲ್ಲದೆ. ಪ್ಯಾನೆಲ್ಲಿಗೂ ಹೀಗೇ ಒಂದು ಡಬ್ಬಿ ಇಟ್ಟಿದ್ವಿ, ಅದನ್ನು ಇಲ್ಲಿ ಬಿಡ್ತೀನಿ.

ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ

ಪ್ಲಾನ್ ಹಾಕೋದು ಎರಡು ದಿನದ ಕೆಲಸ. ನಡೆಸೋದೇ ಕಷ್ಟ, ಯಾಕಂದ್ರೆ ನಡೆಸೋ ರೀತಿ ಪೂರ್ತಿ ಬೇರೆ. ಬಿಡಿ ಬಿಡಿ ಕೆಲಸಗಳಿಗೆ ಕೊನೇ ತಾರೀಖು ಅನ್ನೋದೇ ಇರಲ್ಲ. ರಿಲೇ ಓಟದ ಹಾಗೆ. ಕೋಲು ಕೈಗೆ ಬಂದ ತಕ್ಷಣ ಓಡು, ಮುಗಿದ ತಕ್ಷಣ ಮುಂದಿನವರಿಗೆ ಕೊಡು. ಆರು ದಿನದ ಕೆಲಸ ಐದಕ್ಕೆ ಮುಗಿದರೆ ಐದಕ್ಕೇ ಕೊಡು.

ಇದಕ್ಕೆ ಮುಂದಿನವರು ಸಿದ್ಧ ಇರಬೇಕು. ನಮ್ಮ ಫ್ಯಾಬ್ರಿಕೇಷನ್ ಹೊರಗಿನ ವರ್ಕ್‌ಶಾಪಿನಲ್ಲಿ ಆಗುತ್ತೆ. ಅವರಿಗೆ ನಮ್ಮ ಚಾರ್ಟ್ ಬೇಕಿಲ್ಲ, ಬಫರ್ ಕಥೆಯೂ ಬೇಕಿಲ್ಲ. ಅವರಿಗೆ ಐದು ದಿನ ಮುಂಚೆ ಒಂದು ಫೋನ್, ಎರಡು ದಿನ ಮುಂಚೆ ಒಂದು, ಹಿಂದಿನ ಸಂಜೆ ಒಂದು. ‘ನಾಳೆ ಬೆಳಿಗ್ಗೆ ಡ್ರಾಯಿಂಗ್ ಬರುತ್ತೆ, ವೆಲ್ಡರ್ ಖಾಲಿ ಇರಲಿ.’ ಈ ಮೂರು ಫೋನು ಮಾಡದಿದ್ದರೆ ಬೇಗ ಮುಗಿಸಿದ ಡ್ರಾಯಿಂಗ್ ಅವರ ಟೇಬಲ್ ಮೇಲೆ ಮಲಗುತ್ತೆ.

ಕೋಲು ಹಿಡಿದವರ ಕೈಗೆ ಬೇರೆ ಕೋಲು ಕೊಡಬಾರದು, ಇದು ಇನ್ನೊಂದು ಕಟ್ಟುನಿಟ್ಟು. ಡಿಸೈನರ್ ಹತ್ತಿರ ಆರಾರು ದಿನದ ಮೂರು ಕೆಲಸ ಇವೆ ಅಂತಿಟ್ಟುಕೊಳ್ಳಿ. ಒಂದೊಂದಾಗಿ ಮುಗಿಸಿದರೆ 6, 12, 18ನೇ ದಿನಕ್ಕೆ ಬರ್ತವೆ. ಮೂರೂ ಗಿರಾಕಿಗಳನ್ನ ಸಮಾಧಾನ ಮಾಡೋಣ ಅಂತ ಎರಡೆರಡು ದಿನ ತಿರುಗಿಸಿ ತಿರುಗಿಸಿ ಮಾಡಿದರೆ 14, 16, 18ಕ್ಕೆ ಬರ್ತವೆ. ಮೂರನೇದಕ್ಕೆ ಏನೂ ಲಾಭ ಆಗಲಿಲ್ಲ, ಮೊದಲನೇದು ಎಂಟು ದಿನ ತಡ. ಮಧ್ಯೆ ಮಧ್ಯೆ ‘ಎಲ್ಲಿದ್ದೆ ನಾನು’ ಅಂತ ನೆನಪು ಮಾಡಿಕೊಳ್ಳೋ ಹೊತ್ತನ್ನು ಇಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ.

ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದ ವಾರ್ನರ್ ರಾಬಿನ್ಸ್‌ನಲ್ಲಿರೋ ವಾಯುಪಡೆಯ ರಿಪೇರಿ ಕೇಂದ್ರ. ಸಿ-5 ಅನ್ನೋ ಭಾರಿ ಸರಕು ವಿಮಾನಗಳ ದುರಸ್ತಿಗೆ ಅವರು ಕ್ರಿಟಿಕಲ್ ಚೈನ್ ತಂದರು. ಒಂದು ವಿಮಾನಕ್ಕೆ ಹಿಡೀತಿದ್ದ 240 ದಿನ 160ಕ್ಕೆ ಇಳೀತು, ಒಂದೇ ಹೊತ್ತಿಗೆ ಬಿಚ್ಚಿಟ್ಟಿರ್ತಿದ್ದ ವಿಮಾನಗಳು 12ರಿಂದ 7ಕ್ಕೆ ಇಳಿದವು. 2006ರಲ್ಲಿ ಇದಕ್ಕೆ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಬಂತು.

ನಮ್ಮ ಯಂತ್ರಕ್ಕೆ ವಾಪಸ್ ಬರೋಣ. ದಿನಾ ಬೆಳಿಗ್ಗೆ ನಾನು ಕೋಲು ಹಿಡಿದವರನ್ನು ಕೇಳೋದು ಒಂದೇ: ‘ಇನ್ನೆಷ್ಟು ದಿನ?’ ‘ಎಷ್ಟು ಪರ್ಸೆಂಟ್ ಆಯ್ತು?’ ಅಂತ ಕೇಳಲ್ಲ. ಪರ್ಸೆಂಟ್ ಕೇಳಿದರೆ ತೊಂಬತ್ತು ಅಂತಾರೆ, ಮುಂದಿನ ವಾರವೂ ತೊಂಬತ್ತೇ ಇರುತ್ತೆ. ಇನ್ನೆಷ್ಟು ದಿನ ಅಂತ ಕೇಳಿದಾಗ ಮನುಷ್ಯ ಮುಂದಿರೋ ಕೆಲಸವನ್ನ ಎಣಿಸಬೇಕಾಗುತ್ತೆ. ಆ ಉತ್ತರದಿಂದ ಬಫರಿನಲ್ಲಿ ಎಷ್ಟು ಖರ್ಚಾಗಿದೆ ಅಂತ ಗೊತ್ತಾಗುತ್ತೆ. ಅದನ್ನು ಸರಪಳಿ ಎಷ್ಟು ಮುಗಿದಿದೆ ಅನ್ನೋದರ ಪಕ್ಕ ಇಟ್ಟು ನೋಡೋದು. ಡಬ್ಬಿ ಖಾಲಿಯಾಗೋ ವೇಗ ಕೆಲಸ ಮುಗಿಯೋ ವೇಗಕ್ಕಿಂತ ಕಡಿಮೆ ಇದ್ದರೆ ಹಸಿರು. ಜೊತೆಜೊತೆಗೆ ಬಂದರೆ ಹಳದಿ, ಏನು ಮಾಡಬೇಕು ಅಂತ ಯೋಚನೆ ಮಾಡಿ ಇಟ್ಟುಕೊಳ್ಳಬೇಕು. ಮೀರಿ ಹೋದರೆ ಕೆಂಪು, ಯೋಚನೆ ಮಾಡಿದ್ದನ್ನ ಮಾಡಬೇಕು.

ಫಿಕ್ಸ್ಚರ್ ಡಿಸೈನ್ ಆರರ ಬದಲು 9 ದಿನ ಹಿಡೀತು. ಮೂರು ದಿನ ಡಬ್ಬಿಯಿಂದ ಹೋಯ್ತು, ಯಾರೂ ಏನೂ ಅನ್ನಲಿಲ್ಲ. ಬಾಡಿ ಡಿಸೈನ್ 7ಕ್ಕೇ ಮುಗೀತು, ಒಂದು ದಿನ ಡಬ್ಬಿಗೆ ವಾಪಸ್ ಬಂತು. ಹಳೇ ಪದ್ಧತಿಯಲ್ಲಿ ಈ ಒಂದು ದಿನ ಹೊರಗೆ ಬರ್ತಾನೇ ಇರಲಿಲ್ಲ. ಫ್ಯಾಬ್ರಿಕೇಷನ್ನಿನಲ್ಲಿ ಪೆಟ್ಟು ಬಿತ್ತು. ವೆಲ್ಡಿಂಗ್ ಬಿಸಿಗೆ ಬಾಡಿಯ ಮೇಲ್ಮೈ ಬಾಗಿ, ಸರಿ ಮಾಡಿ ಮತ್ತೆ ಮಷಿನಿಂಗ್ ಮಾಡೋ ಹೊತ್ತಿಗೆ ಹತ್ತರ ಬದಲು 16 ದಿನ. ಅಲ್ಲಿಗೆ 32ನೇ ದಿನ, ಬಫರಿನಲ್ಲಿ ಹೋಗಿದ್ದು 8. ಕೇಳೋಕೆ ಭಯ, ಆದರೆ ಸರಪಳಿ ನೂರಕ್ಕೆ 63 ಮುಗಿದಿತ್ತು, ಬಫರ್ ನೂರಕ್ಕೆ 42 ಖರ್ಚಾಗಿತ್ತು. ಹಸಿರೇ. ಸಾಹೇಬರು ‘ಭಾನುವಾರ ಕರೆಸೋಣ್ವಾ?’ ಅಂದರು. ಬೇಡ ಅಂದೆ.

ಜೋಡಣೆ ಶುರುವಾಗಿ ನಾಲ್ಕನೇ ದಿನಕ್ಕೆ ಹಿರಿಯ ಫಿಟ್ಟರ್ ತಾವಾಗೇ ಬಂದು, ‘ಇನ್ನೂ ಒಂಬತ್ತು ದಿನ ಬೇಕು’ ಅಂದರು. ಇರಬೇಕಾದ್ದು ನಾಲ್ಕು. ಗಾಳಿ ಪೈಪುಗಳಿಗೆ ಬಾಡಿಯೊಳಗೆ ಕೈ ಹೋಗ್ತಿರಲಿಲ್ಲ. ಈಗ ಲೆಕ್ಕ ಬದಲಾಯ್ತು. ಮುಂದಿರೋದು 9 ಮತ್ತು ಟ್ರಯಲಿನ 6, ಒಟ್ಟು 15 ದಿನ. ಅಂದ್ರೆ ಸರಪಳಿ ಮುಗಿದಿರೋದು ನೂರಕ್ಕೆ 60 ಮಾತ್ರ. ಬಫರ್ 19ರಲ್ಲಿ 13 ಹೋಗುತ್ತೆ, ಅಂದ್ರೆ ನೂರಕ್ಕೆ 68. ಕೆಂಪು. ಅವತ್ತೇ ಬೇರೆ ಯಂತ್ರದಿಂದ ಪೈಪ್ ಕೆಲಸ ಗೊತ್ತಿರೋ ಎರಡನೇ ಫಿಟ್ಟರನ್ನು ತಂದು ಹಾಕಿದ್ವಿ. ಜೋಡಣೆ ಒಟ್ಟು 11 ದಿನಕ್ಕೆ ಮುಗೀತು. ಟ್ರಯಲಿನಲ್ಲಿ ಫಿಕ್ಸ್ಚರಿನ ಸೀಲೇ ಸೋರ್ತಿತ್ತು. ಸೋರೋದನ್ನ ಹುಡುಕೋ ಯಂತ್ರವೇ ಸೋರಿದರೆ ಹೇಗಿರುತ್ತೆ ನೋಡಿ! ಆರರ ಬದಲು 10 ದಿನ. 53ನೇ ದಿನ ಲಾರಿ ಹತ್ತಿಸಿದ್ವಿ. ಡಬ್ಬಿಯಲ್ಲಿ ನಾಲ್ಕು ದಿನ ಉಳಿದಿತ್ತು.

ಐದರಲ್ಲಿ ನಾಲ್ಕು ಕೆಲಸ ಹೇಳಿದ್ದಕ್ಕಿಂತ ತಡವಾದವು ಅನ್ನೋದನ್ನ ಗಮನಿಸಿದಿರಾ? ಹಳೇ ಲೆಕ್ಕದಲ್ಲಿ ನಾಲ್ಕು ಜನ ತಪ್ಪಿತಸ್ಥರು. ಇಲ್ಲಿ ಯಂತ್ರ ಮುಂಚೆಯೇ ಹೋಯ್ತು. ಇನ್ನೂ ಒಂದು ಮಾತು. ಎರಡನೇ ಫಿಟ್ಟರ್ ಬೇಕು ಅನ್ನೋದು 36ನೇ ದಿನಕ್ಕೇ ಗೊತ್ತಾಯ್ತು. ತಾರೀಖು ಕಟ್ಟಿದ ಪದ್ಧತಿಯಲ್ಲಿ ಜೋಡಣೆಯ ಕೊನೇ ದಿನ ಬರೋವರೆಗೂ ‘ನಡೀತಾ ಇದೆ ಸರ್’ ಅನ್ನೋ ಉತ್ತರವೇ ಬರ್ತಿತ್ತು.

ಎಲ್ಲಿ ಕೆಡುತ್ತೆ

ಕೆಡೋದು ಬಹಳ ಸಲ ಮೇಲಿನವರ ಕೈಯಲ್ಲಿ. ಚಾರ್ಟಿನ ಕೊನೆಯಲ್ಲಿ ಕಣ್ಣಿಗೆ ಕಾಣೋ ಹಾಗೆ 19 ದಿನ ಖಾಲಿ ಬಿದ್ದಿರುತ್ತೆ. ಅದನ್ನು ಕೊಬ್ಬು ಅಂತ ತಿಳಿದು ‘ಇದನ್ನ ಹತ್ತು ಮಾಡಿ’ ಅನ್ನೋರು ಇದ್ದೇ ಇರ್ತಾರೆ. ಜೇಬಿನಲ್ಲಿ ಅಡಗಿದ್ದಾಗ 38 ದಿನ ಯಾರಿಗೂ ಕಾಣಿಸ್ತಿರಲಿಲ್ಲ, ಡಬ್ಬಿಗೆ ಹಾಕಿದ ಮೇಲೆ ಅದರ ಅರ್ಧವೂ ಹೊಟ್ಟೆ ಉರಿಸುತ್ತೆ! ಒಂದು ಸಲ ಹೀಗೆ ಕತ್ತರಿಸಿದರೆ ಸಾಕು, ಮುಂದಿನ ಯಂತ್ರಕ್ಕೆ ಎಲ್ಲರೂ ಆರರ ಜಾಗದಲ್ಲಿ ಹನ್ನೆರಡು ಹೇಳ್ತಾರೆ. ಅದರ ಮೇಲೆ ಬಫರೂ ಸೇರಿ ಮೊದಲಿಗಿಂತ ಉದ್ದದ ಪ್ಲಾನ್ ಸಿಗುತ್ತೆ.

ಇನ್ನೊಂದು ಕೇಡು, ಆರು ದಿನ ಅಂದದ್ದನ್ನು ಗಡುವು ಮಾಡಿಕೊಳ್ಳೋದು. ‘ಆರು ಅಂದಿದ್ರಲ್ಲ, ಏಳಾಯ್ತಲ್ಲ’ ಅಂತ ಒಮ್ಮೆ ಕೇಳಿದರೆ ಮುಗೀತು. ಆರು ಅನ್ನೋದು ಅರ್ಧಕ್ಕರ್ಧ ಸಲ ತಪ್ಪೋ ಸಂಖ್ಯೆ ಅಂತ ನಾವೇ ಹೇಳಿ ತಗೊಂಡಿದ್ದು.

ಪದ್ಧತಿ ಒಳಗೊಳಗೇ ಕೆಟ್ಟಿದೆಯಾ ಅಂತ ನಾನು ನೋಡೋ ಗುರುತು ಇವು. ಎಲ್ಲ ಕೆಲಸವೂ ಹೇಳಿದ ದಿನಕ್ಕೆ ಸರಿಯಾಗಿ ಮುಗೀತಿದ್ದರೆ ನನಗೆ ಅನುಮಾನ. ಯಂತ್ರದ ಮೇಲೆ ಯಂತ್ರ ಬಫರಿಗೆ ಕೈಯೇ ಬೀಳದೆ ಹೋದರೆ, ಜೇಬು ಇನ್ನೂ ತುಂಬಿದೆ ಅಂತಲೇ ಅರ್ಥ. ತಿಂಗಳುಗಟ್ಟಲೆ ಹಸಿರಿದ್ದು ಕೊನೇ ವಾರ ದಿಢೀರ್ ಅಂತ ಕೆಂಪಾದರೆ, ‘ಇನ್ನೆಷ್ಟು ದಿನ’ ಅನ್ನೋದಕ್ಕೆ ಜನ ಹೆದರಿ ಉತ್ತರ ಕೊಡ್ತಿದ್ದಾರೆ.

ಲೆಕ್ಕದ ಮಿತಿಯೂ ಇದೆ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಹೆರೂಲನ್ ಮತ್ತು ಲೇಯಸ್ ಅನ್ನೋ ಸಂಶೋಧಕರು 2001ರ ಲೇಖನವೊಂದರಲ್ಲಿ ಈ ಪದ್ಧತಿಯ ಒಳ್ಳೇದು ಕೆಟ್ಟದ್ದು ಎರಡನ್ನೂ ತೂಗಿ ನೋಡಿದರು. ‘ಸರಪಳಿಯ ಅರ್ಧ’ ಅನ್ನೋ ನಿಯಮ ಬೇಕಾದ್ದಕ್ಕಿಂತ ದೊಡ್ಡ ಬಫರ್ ಕೊಡಬಹುದು ಅನ್ನೋದು ಅವರು ಹೇಳಿದ್ದರಲ್ಲಿ ಒಂದು. ಯಾಕೆ ಅಂತ ನಮ್ಮ ಲೆಕ್ಕದಿಂದಲೇ ನೋಡಬಹುದು. ಸರಪಳಿಯಲ್ಲಿ ಐದರ ಬದಲು ಇಂಥದೇ ಇಪ್ಪತ್ತು ಕೆಲಸ ಇದ್ದರೆ ಸರಪಳಿ ನಾಲ್ಕು ಪಟ್ಟು, 152 ದಿನ. ಅರ್ಧದ ಲೆಕ್ಕದಲ್ಲಿ ಬಫರೂ ನಾಲ್ಕು ಪಟ್ಟು, 76. ವರ್ಗಮೂಲದ ಲೆಕ್ಕದಲ್ಲಿ ಬರೀ ಎರಡು ಪಟ್ಟು, ಸುಮಾರು 35. ಡಬ್ಬಿ ಹಂಚಿಕೊಳ್ಳೋರು ಜಾಸ್ತಿ ಆದಷ್ಟೂ ತಲಾ ಕಡಿಮೆ ಸಾಕು. ಹಾಗಾಗಿ ನಾನು ಚಿಕ್ಕ ಸರಪಳಿಗೆ ಅರ್ಧ ಹಿಡೀತೀನಿ, ಉದ್ದದ್ದಕ್ಕೆ ಎರಡರ ನಡುವೆ ಎಲ್ಲೋ ನಿಲ್ತೀನಿ. ಪೂರ್ತಿ ವರ್ಗಮೂಲಕ್ಕೆ ಹೋಗೋಕೆ ನನಗೆ ಧೈರ್ಯ ಇಲ್ಲ.

ಧೈರ್ಯ ಇಲ್ಲದಿರೋದಕ್ಕೆ ಕಾರಣ, ಆಗ ನೆನಪಿಡಿ ಅಂದ ಆ ಮಾತು. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಡಬ್ಬಿ ಸಾಕು. ಡೆಂಗಿ ಬಂದು ಐವರೂ ಮಲಗಿದರೆ ಐದು ಸಾವಿರ ಯಾವ ಮೂಲೆಗೆ? ನಮ್ಮಲ್ಲಿ ಅಂಥ ಡೆಂಗಿ ಅಂದ್ರೆ, ಗಿರಾಕಿ ಅರ್ಧ ದಾರಿಯಲ್ಲಿ ‘ನಮ್ಮ ಎರಕದ ಡ್ರಾಯಿಂಗ್ ಬದಲಾಗಿದೆ’ ಅನ್ನೋದು. ಫಿಕ್ಸ್ಚರ್, ಬಾಡಿ, ಪೈಪು, ಟ್ರಯಲ್ ಎಲ್ಲವೂ ಒಟ್ಟಿಗೆ ಹಿಂದೆ ಬೀಳ್ತವೆ, ಒಂದನ್ನೊಂದು ಸರಿದೂಗಿಸೋ ಮಾತೇ ಇಲ್ಲ. ಬಫರ್ ಅದಕ್ಕೆ ಇಟ್ಟದ್ದಲ್ಲ. ಅಂಥದ್ದು ಬಂದ ದಿನ ಡಬ್ಬಿಗೆ ಕೈ ಹಾಕದೆ ಗಿರಾಕಿಯ ಜೊತೆ ಕೂತು ಹೊಸ ತಾರೀಖು ಬರೆಸಿಕೊಳ್ತೀವಿ. ಈಗ ಆರ್ಡರಿನಲ್ಲೇ ಒಂದು ಸಾಲು ಇದೆ: ಫಿಕ್ಸ್ಚರ್ ಡಿಸೈನ್ ಮುಗಿದ ಮೇಲೆ ಡ್ರಾಯಿಂಗ್ ಬದಲಾದರೆ ದಿನಗಳ ಎಣಿಕೆ ಮತ್ತೆ ಒಂದರಿಂದ ಶುರು. ಆ ಸಾಲಿಗೆ ಸಹಿ ಹಾಕಿಸೋಕೆ ಕೆಲವೊಮ್ಮೆ ಬಫರ್ ಲೆಕ್ಕಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತೆ.